ಜೂನ್ 13 ಮತ್ತು 14: ಸಂಪು, ಓವರ್‌ಹೆಡ್ ಟ್ಯಾಂಕ್ ಕ್ಲೀನಿಂಗ್ – ಯಾವ ಫ್ಲೋರಿಗೆ ಯಾವಾಗ ನೀರಿಲ್ಲ

ಎಲ್ಲ ನಿವಾಸಿಗಳಿಗೆ ನಮಸ್ಕಾರ,

ಈ ಶನಿವಾರ (ಜೂನ್ 13) ಕೆಳಗಿನ ಸಂಪು, ಭಾನುವಾರ (ಜೂನ್ 14) ಟೆರೇಸಿನ ಮೂರೂ ಟ್ಯಾಂಕ್ ತೊಳೆಸುತ್ತಿದ್ದೇವೆ. ಶನಿವಾರ ಯಾರ ಮನೆಯಲ್ಲೂ ನೀರು ನಿಲ್ಲುವುದಿಲ್ಲ, ಆದರೆ ಇರುವುದನ್ನು ಅಳೆದು ಬಳಸಬೇಕು. ಭಾನುವಾರ ಮಾತ್ರ ಫ್ಲೋರಿಗೊಂದು ಹೊತ್ತಿನಲ್ಲಿ ನೀರು ನಿಲ್ಲುತ್ತದೆ. ಮೊದಲು ಆ ಸಮಯ ನೋಡಿಕೊಳ್ಳಿ, ಮಿಕ್ಕಿದ್ದನ್ನು ನಿಧಾನವಾಗಿ ಓದಬಹುದು.

ಭಾನುವಾರ, ಜೂನ್ 14, ನೀರು ಇಲ್ಲದ ಸಮಯ:

5ನೇ ಫ್ಲೋರ್ – ಬೆಳಿಗ್ಗೆ 7:00ರಿಂದ 10:30
4ನೇ ಫ್ಲೋರ್ – ಬೆಳಿಗ್ಗೆ 9:30ರಿಂದ ಮಧ್ಯಾಹ್ನ 1:45
3ನೇ ಫ್ಲೋರ್ – ಬೆಳಿಗ್ಗೆ 9:30ರಿಂದ ಮಧ್ಯಾಹ್ನ 1:30
2ನೇ ಫ್ಲೋರ್ – ಮಧ್ಯಾಹ್ನ 12:30ರಿಂದ ಸಂಜೆ 4:45
1ನೇ ಫ್ಲೋರ್ – ಮಧ್ಯಾಹ್ನ 12:30ರಿಂದ ಸಂಜೆ 4:30

ಸೆಕ್ಯೂರಿಟಿ ರೂಮು ಮತ್ತು ಗೇಟಿನ ಹತ್ತಿರದ ನಲ್ಲಿ ಬೋರ್‌ವೆಲ್ಲಿನ ನೇರ ಲೈನಿನಲ್ಲಿದೆ. ಅಲ್ಲಿ ಎರಡೂ ದಿನ ನೀರು ಇರುತ್ತದೆ. ತೀರಾ ಅಗತ್ಯ ಬಿದ್ದರೆ ಅಲ್ಲಿಂದ ಬಕೆಟ್‌ನಲ್ಲಿ ಹಿಡಿದುಕೊಳ್ಳಬಹುದು.

ಒಂದೇ ಹೊತ್ತಿನಲ್ಲಿ ಎಲ್ಲರಿಗೂ ನಿಲ್ಲಿಸಿ ಬೇಗ ಮುಗಿಸಬಹುದಿತ್ತಲ್ಲ ಅಂತ ಕಮಿಟಿಯಲ್ಲೇ ಒಬ್ಬರು ಕೇಳಿದರು. ಹಾಗೆ ಮಾಡಿದರೆ 30 ಮನೆಗಳಿಗೂ ಇಡೀ ದಿನ ನೀರಿರುವುದಿಲ್ಲ. ನಮ್ಮಲ್ಲಿ 1, 2ನೇ ಫ್ಲೋರಿಗೆ 10,000 ಲೀಟರಿನ ಒಂದು ಸಿಮೆಂಟ್ ಟ್ಯಾಂಕ್, 3, 4ಕ್ಕೆ ಅಷ್ಟೇ ದೊಡ್ಡದು ಇನ್ನೊಂದು, 5ನೇ ಫ್ಲೋರಿಗೆ ಪ್ರೆಶರ್ ಪಂಪಿನ ಜೊತೆ 5,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇದೆ. ಒಂದು ಟ್ಯಾಂಕಿಗೆ ಬ್ಲೀಚಿಂಗ್ ಹಾಕಿ ಅರ್ಧ ಗಂಟೆ ಬಿಡಬೇಕಲ್ಲ, ಅಷ್ಟರಲ್ಲಿ ಪಕ್ಕದ್ದನ್ನು ಖಾಲಿ ಮಾಡಲು ಶುರು ಮಾಡಿದರೆ ಸಮಯ ಉಳಿಯುತ್ತದೆ. 3ನೇ ಫ್ಲೋರಿಗೆ 4ಕ್ಕಿಂತ ಕಾಲು ಗಂಟೆ ಮೊದಲು ನೀರು ಬಿಡುವುದಕ್ಕೂ ಕಾರಣ ಇದೆ. ಖಾಲಿಯಾದ ಪೈಪಿನಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಎರಡೂ ವಾಲ್ವ್ ಒಟ್ಟಿಗೆ ತೆಗೆದಾಗ ಕಳೆದ ಸಲ ನಾಲ್ಕು ಮನೆಗಳಲ್ಲಿ ಏರ್‌ಲಾಕ್ ಆಗಿ ರಾತ್ರಿವರೆಗೆ ನೀರು ಬರಲಿಲ್ಲ. ಹಾಗಾಗಿ ಈ ಸಲ ಕೆಳಗಿನಿಂದ ಒಂದೊಂದೇ ತೆಗೆಯುತ್ತೇವೆ.

ಈಗ ಶನಿವಾರದ ವಿಷಯ. ಬೆಳಿಗ್ಗೆ 6ಕ್ಕೆ ಮೂರೂ ಟ್ಯಾಂಕ್ ಪೂರ್ತಿ ತುಂಬಿಸಿ ಪಂಪ್ ಆಫ್ ಮಾಡುತ್ತೇವೆ. ಮುಂದೆ ಭಾನುವಾರ ಆಯಾ ಟ್ಯಾಂಕ್ ತೊಳೆದು ಮುಗಿಯುವವರೆಗೆ ಮೇಲೆ ನೀರು ಹೋಗುವುದಿಲ್ಲ. ಒಟ್ಟು 25,000 ಲೀಟರ್ ಇರುತ್ತದೆ. ನಮ್ಮ ಕಟ್ಟಡಕ್ಕೆ ದಿನಕ್ಕೆ ಸುಮಾರು 18,000 ಲೀಟರ್ ಬೇಕಾಗುತ್ತದೆ. ಲೆಕ್ಕ ಸರಿಹೋಗುತ್ತದೆ, ಆದರೆ ಜಾಸ್ತಿ ಉಳಿಯುವುದಿಲ್ಲ. ಶನಿವಾರ ರಾತ್ರಿ ಎಲ್ಲರೂ ಮನೆಯಲ್ಲಿರುವ ಡ್ರಮ್ಮು, ಟಬ್ಬು, ಕೊಡ ಎಲ್ಲ ತುಂಬಿಸಿಟ್ಟರೆ ಭಾನುವಾರ ಬೆಳಿಗ್ಗೆ 6ಕ್ಕೇ ಟ್ಯಾಂಕ್ ಖಾಲಿ. ಆಗ ತೊಂದರೆ ಆಗುವುದು ತಡವಾಗಿ ಏಳುವವರಿಗೆ ಮತ್ತು ಮಕ್ಕಳಿರುವ ಮನೆಗಳಿಗೆ. ಒಂದು ಬಾತ್‌ರೂಮಿಗೆ ಎರಡು ಬಕೆಟ್, ಅಡುಗೆಮನೆಗೆ ಒಂದು ಕೊಡ ಸಾಕು. ನಾಲ್ಕು ಗಂಟೆಯ ಮಾತು ಅಷ್ಟೇ. ವಾಷಿಂಗ್ ಮೆಷಿನ್ ಆ ಎರಡು ದಿನ ಹಾಕಲೇಬೇಡಿ. ಶುಕ್ರವಾರವೇ ಬಟ್ಟೆ ಮುಗಿಸಿಬಿಡಿ ಅಥವಾ ಸೋಮವಾರಕ್ಕೆ ಇಟ್ಟುಕೊಳ್ಳಿ. ಮನೆಕೆಲಸಕ್ಕೆ ಬರುವವರಿಗೂ ಇವತ್ತೇ ಹೇಳಿಬಿಡಿ, ಭಾನುವಾರ ನಿಮ್ಮ ಫ್ಲೋರಿನ ಸಮಯ ನೋಡಿಕೊಂಡು ಬರಲಿ. ಸುಮ್ನೆ ಬಂದು ಪಾತ್ರೆ ಮುಂದೆ ಕಾಯುವ ಹಾಗಾಗಬಾರದು, ಅವರಿಗೆ ಬೇರೆ ಮನೆಗಳೂ ಇರುತ್ತವೆ.

ನೀರು ವೇಸ್ಟ್ ಆಗುತ್ತದೆ ಅಂತ ಕೆಲವರು ಬೇಸರ ಮಾಡಿಕೊಂಡಿದ್ದರು. ಅದು ನ್ಯಾಯವಾದ ಮಾತು. 2024ರ ಬೇಸಿಗೆ ನೆನಪಿದೆ ಅಲ್ವಾ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನಾವೇ ರಾತ್ರಿ ಟ್ಯಾಂಕರಿಗೆ ಕಾದಿದ್ದೆವು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆ ತರುವ ಕಾವೇರಿ ನೀರನ್ನು ಮೋರಿಗೆ ಬಿಡಲು ನನಗೂ ಮನಸ್ಸಿಲ್ಲ. ಅದಕ್ಕೇ ಗುರುವಾರ ರಾತ್ರಿ ಬರುವ ನೀರನ್ನು ಸಂಪಿಗೆ ಅರ್ಧ ಮಾತ್ರ ತುಂಬಿಸಿಕೊಳ್ಳುತ್ತೇವೆ, ಸಂಪಿಗೆ ಬೋರ್‌ವೆಲ್ ನೀರು ಬಿಡುವುದನ್ನು ಶುಕ್ರವಾರ ಮಧ್ಯಾಹ್ನವೇ ನಿಲ್ಲಿಸುತ್ತೇವೆ. ಶನಿವಾರ ಬೆಳಗಿನ ಹೊತ್ತಿಗೆ ಸಂಪಿನಲ್ಲಿ ಅರ್ಧ ಅಡಿಯಷ್ಟು ನೀರು ಉಳಿದಿರುತ್ತದೆ. ಅದರಲ್ಲಿ ಮೇಲಿನ ತಿಳಿನೀರು ಗಿಡಗಳಿಗೆ, ಕೆಸರು ನೀರು ಪಾರ್ಕಿಂಗ್ ತೊಳೆಯಲು. ಬ್ಲೀಚಿಂಗ್ ಹಾಕಿದ ನೀರು ಮಾತ್ರ ಗಿಡಕ್ಕೆ ಹೋಗಬಾರದು, ಅದೊಂದನ್ನು ಚರಂಡಿಗೆ ಬಿಡುತ್ತೇವೆ.

ಈ ಕೆಲಸ ಯಾಕೆ ಮುಂದೂಡಲು ಆಗುವುದಿಲ್ಲ ಅಂದರೆ, ಮೇ ಕೊನೆಯಲ್ಲಿ ಫುಟ್‌ವಾಲ್ವ್ ರಿಪೇರಿಗೆ ಅಂತ ಪ್ಲಂಬರ್ ಸಂಪಿನ ಮುಚ್ಚಳ ತೆಗೆದಾಗ ನಾನೂ ಟಾರ್ಚ್ ಹಿಡಿದು ನೋಡಿದೆ. ತಳದಲ್ಲಿ ಒಂದು ಬೆರಳು ದಪ್ಪ ಕೆಂಪು ಕೆಸರು ಕೂತಿತ್ತು. ಏಪ್ರಿಲ್‌ನಲ್ಲಿ ಬೋರ್ ಕಮ್ಮಿಯಾಗಿ ಹಾಕಿಸಿದ ಟ್ಯಾಂಕರ್ ನೀರಿನದು ಅದು. ಗೋಡೆ ಮುಟ್ಟಿದರೆ ಜಾರುತ್ತಿತ್ತು. ನಾವೆಲ್ಲ ಕುಡಿಯುವುದಕ್ಕೆ ಫಿಲ್ಟರ್ ಇದೆ ಅಂತ ಧೈರ್ಯವಾಗಿರುತ್ತೇವೆ. ಆದರೆ ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ಮಗುವಿಗೆ ಸ್ನಾನ ಮಾಡಿಸುವುದು ಎಲ್ಲವೂ ಈ ನೀರಿನಲ್ಲೇ. ಆರು ತಿಂಗಳಿಗೊಮ್ಮೆ ತೊಳೆಸಬೇಕು ಅಂತ ನಾವೇ ಠರಾವು ಮಾಡಿದ್ದೆವು, ಕಳೆದ ಸಲ ಆಗಿದ್ದು ನವೆಂಬರಿನಲ್ಲಿ. ಒಂದು ತಿಂಗಳು ತಡವಾಗಿದೆ, ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ.

ಟೆರೇಸಿನ ಟ್ಯಾಂಕ್ ವಿಷಯ ಇನ್ನೊಂದು. 3, 4ನೇ ಫ್ಲೋರಿನ ಟ್ಯಾಂಕಿನ ಮುಚ್ಚಳ ಒಂದು ಮೂಲೆಯಲ್ಲಿ ಒಡೆದಿದೆ, ಓವರ್‌ಫ್ಲೋ ಪೈಪಿಗೆ ಜಾಲರಿ ಇಲ್ಲ. ಡೆಂಗ್ಯೂ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಇಂಥ ನಿಂತ ಶುಭ್ರ ನೀರೇ ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಹಿಡಿಯುತ್ತದೆ. ಮಳೆಗಾಲ ಶುರುವಾಗಿದೆ. ಭಾನುವಾರವೇ ಹೊಸ ಮುಚ್ಚಳ, ಜಾಲರಿ ಎರಡೂ ಹಾಕಿಸುತ್ತೇವೆ. ನೀವು ಹಿಡಿದಿಟ್ಟ ಬಕೆಟ್ ನೀರನ್ನೂ ಎರಡು ದಿನದೊಳಗೆ ಬಳಸಿ ಮುಗಿಸಿ, ಬಾಲ್ಕನಿಯಲ್ಲಿ ತೆರೆದು ಇಡಬೇಡಿ.

ಕೆಲಸದವರ ಬಗ್ಗೆ ಹೇಳಲೇಬೇಕು. ಕಳೆದ ಸಲ ಬಂದಿದ್ದ ಹುಡುಗ ಮುಚ್ಚಳ ತೆಗೆದ ಕೂಡಲೇ ಸಂಪಿಗೆ ಇಳಿದು, ಐದು ನಿಮಿಷದಲ್ಲಿ ತಲೆ ಸುತ್ತುತ್ತಿದೆ ಅಂತ ಕೂಗಿಕೊಂಡ. ಕೈ ಹಿಡಿದು ಎಳೆದುಕೊಂಡೆವು, ಏನೂ ಆಗಲಿಲ್ಲ. ಆದರೆ ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಕಮ್ಮಿಯಾಗಿರಬಹುದು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಈ ಸಲ ಶುಕ್ರವಾರ ರಾತ್ರಿ 9ಕ್ಕೇ ಎರಡೂ ಮುಚ್ಚಳ ತೆಗೆದು ಮೇಲೆ ಕಬ್ಬಿಣದ ಜಾಲರಿ ಇಡುತ್ತೇವೆ. ಬೆಳಿಗ್ಗೆ ಬ್ಲೋವರ್ ಹಾಕಿ ಗಾಳಿ ಬಿಟ್ಟ ಮೇಲೆಯೇ ಇಳಿಯಬೇಕು, ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಕಾವಲು. ಡೀಸೆಲ್ ಪಂಪನ್ನು ಸಂಪಿನ ಒಳಗೆ ಇಳಿಸುವಂತಿಲ್ಲ, ಅದರ ಹೊಗೆ ಪ್ರಾಣ ತೆಗೆಯುತ್ತದೆ. ಇದಿಷ್ಟಕ್ಕೂ ಒಪ್ಪಿದವರಿಗೇ ಕೆಲಸ ಕೊಟ್ಟಿದ್ದೇವೆ. 9,500 ರೂಪಾಯಿ ಆಗುತ್ತದೆ. ಇನ್ನೊಬ್ಬರು 7,000ಕ್ಕೆ ಮಾಡುತ್ತೇವೆ ಅಂದಿದ್ದರು, ಹಗ್ಗ, ಬ್ಲೋವರ್ ಎಲ್ಲ ಯಾಕೆ ಸಾರ್ ಅಂದರು, ಅಲ್ಲಿಗೆ ಬಿಟ್ಟೆವು. ಹಣ ಮೆಂಟೆನೆನ್ಸ್ ಖಾತೆಯಿಂದಲೇ ಹೋಗುತ್ತದೆ, ಯಾರೂ ಬೇರೆಯಾಗಿ ಕೊಡಬೇಕಾಗಿಲ್ಲ.

ಸಂಪಿನ ಮುಚ್ಚಳಗಳು ಪಾರ್ಕಿಂಗ್ 7, 8, 9ರ ನಡುವೆ ಇವೆ. ಆ ಮೂರು ಮನೆಯವರು ಶುಕ್ರವಾರ ರಾತ್ರಿ 8:30ರೊಳಗೆ ದಯವಿಟ್ಟು ಕಾರನ್ನು ವಿಸಿಟರ್ ಜಾಗಕ್ಕೆ ಹಾಕಿ, ಶನಿವಾರ ಮಧ್ಯಾಹ್ನ 3ರ ಮೇಲೆ ವಾಪಸ್ ತರಬಹುದು. ಅಪ್ಪ ಅಮ್ಮಂದಿರಿಗೆ ನನ್ನ ಕಳಕಳಿಯ ಮಾತು, ಶುಕ್ರವಾರ ರಾತ್ರಿಯಿಂದ ಶನಿವಾರ ಮಧ್ಯಾಹ್ನದವರೆಗೆ ಮಕ್ಕಳನ್ನು ಪಾರ್ಕಿಂಗಿನಲ್ಲಿ ಆಡಲು ಬಿಡಬೇಡಿ. ಜಾಲರಿ ಇರುತ್ತದೆ, ಸೆಕ್ಯೂರಿಟಿ ಕೂತಿರುತ್ತಾರೆ, ಆದರೂ ಬೇಡ.

ಮನೆಯೊಳಗೆ ಮಾಡಬೇಕಾದ್ದು ಇದು. ಭಾನುವಾರ ನೀರು ನಿಲ್ಲುವ ಮೊದಲೇ ಎಲ್ಲ ನಲ್ಲಿ ಮುಚ್ಚಿದೆಯಾ ಅಂತ ನೋಡಿಕೊಳ್ಳಿ. ನೀರಿಲ್ಲದಾಗ ನಲ್ಲಿ ತಿರುಗಿಸಿ ನೋಡಿ ಹಾಗೇ ಬಿಟ್ಟು ಹೊರಗೆ ಹೋದರೆ, ನೀರು ಬಂದ ಮೇಲೆ ನಿಮ್ಮ ಮನೆಯೊಳಗೆಲ್ಲ ನೀರು ತುಂಬಿ ಕೆಳಗಿನ ಮನೆಯ ಸೀಲಿಂಗ್ ಸೋರುತ್ತದೆ. ಭಾನುವಾರ ಊರಿಗೆ ಹೋಗುವವರು ಮನೆಯ ಮೇನ್ ವಾಲ್ವ್ ಮುಚ್ಚಿ ಹೋಗಿ. ಗೀಸರ್ ಸ್ವಿಚ್ ಆಫ್ ಇರಲಿ. ಫಿಲ್ಟರಿಗೆ ಹೋಗುವ ನಲ್ಲಿಯನ್ನು ಮುಚ್ಚಿ ಸೋಮವಾರ ಬೆಳಿಗ್ಗೆ ತೆಗೆಯಿರಿ, ಯಾಕೆಂದರೆ ಕ್ಲೋರಿನ್ ಜಾಸ್ತಿ ಇದ್ದರೆ ಆರ್‌ಓ ಮೆಂಬ್ರೇನ್ ಹಾಳಾಗುತ್ತದೆ. ಕುಡಿಯಲು, ಅಡುಗೆಗೆ ಬೇಕಾದ ನೀರನ್ನು ಶನಿವಾರವೇ ಫಿಲ್ಟರಿನಿಂದ ಹಿಡಿದಿಟ್ಟುಕೊಳ್ಳಿ. ನೀರು ಬಂದ ಮೇಲೆ ಮೊದಲ ಎರಡು ಬಕೆಟ್ ಮಬ್ಬಾಗಿರಬಹುದು, ಅದನ್ನು ಟಾಯ್ಲೆಟ್ಟಿಗೆ ಬಳಸಿ, ಚೆಲ್ಲಬೇಡಿ. ಒಂದು ದಿನ ಸ್ವಲ್ಪ ಬ್ಲೀಚಿಂಗ್ ವಾಸನೆ ಇರಬಹುದು, ಗಾಬರಿ ಬೇಡ. ಮೀನು ಸಾಕಿದವರು ಮಾತ್ರ ಎರಡು ಮೂರು ದಿನ ಅಕ್ವೇರಿಯಂ ನೀರು ಬದಲಿಸಬೇಡಿ, ಕ್ಲೋರಿನ್ ಮೀನಿಗೆ ಆಗುವುದಿಲ್ಲ. ಸೋಲಾರ್ ಟ್ಯಾಂಕಿಗೆ ಹೋಗುವ ವಾಲ್ವನ್ನು ಭಾನುವಾರ ಸಂಜೆವರೆಗೆ ಮುಚ್ಚಿರುತ್ತೇವೆ, ಬಿಸಿನೀರಿನ ಸ್ನಾನ ಬೆಳಿಗ್ಗೆ 7ರೊಳಗೆ ಮುಗಿಸಿಕೊಳ್ಳಿ.

ಮನೆಯಲ್ಲಿ ಹಾಸಿಗೆ ಹಿಡಿದವರು, ಬಾಣಂತಿಯರು, ಎಳೆ ಮಕ್ಕಳು ಇದ್ದರೆ, ಇಲ್ಲವೇ ಭಾನುವಾರ ಮನೆಯಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರೆ ಗುರುವಾರ ಸಂಜೆಯೊಳಗೆ ನನಗೆ ತಿಳಿಸಿ. ಅಂಥ ಮನೆಗಳಿಗೆ 20 ಲೀಟರಿನ ಎರಡು ಕ್ಯಾನ್ ಮತ್ತು ಒಂದು ಡ್ರಮ್ ನೀರನ್ನು ನಮ್ಮ ಹೌಸ್‌ಕೀಪಿಂಗ್‌ನವರೇ ಬಾಗಿಲಿಗೆ ತಂದು ಕೊಡುತ್ತಾರೆ. ಹೇಳಿಕೊಳ್ಳಲು ಸಂಕೋಚ ಬೇಡ.

ಇಬ್ಬರು ಸ್ವಯಂಸೇವಕರು ಬೇಕು, ಶನಿವಾರ ಒಬ್ಬರು, ಭಾನುವಾರ ಒಬ್ಬರು. ತೊಳೆದ ಮೇಲೆ ನೀರು ತುಂಬಿಸುವ ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ ಸರಿ ಇದೆ ಅಂದ ಮೇಲೆಯೇ ಪಂಪ್ ಹಾಕುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು, ಸಂಪು ಶನಿವಾರ ಮಧ್ಯಾಹ್ನ 1:30ಕ್ಕೆ, ಟ್ಯಾಂಕ್‌ಗಳು ಭಾನುವಾರ 9:30, 12:30, 3:30ಕ್ಕೆ. ಬರಲಾಗದವರಿಗೆ ಮೊದಲು ಮತ್ತು ನಂತರದ ಫೋಟೋ ಗ್ರೂಪಿಗೆ ಹಾಕುತ್ತೇನೆ.

ಶನಿವಾರ ರಾತ್ರಿ ಕಾವೇರಿ ನೀರು ಬರಲಿಲ್ಲ ಅಂದರೆ ಭಾನುವಾರ ಬೆಳಿಗ್ಗೆ 6ಕ್ಕೆ 6,000 ಲೀಟರಿನ ಎರಡು ಟ್ಯಾಂಕರ್ ಹೇಳಿಟ್ಟಿದ್ದೇವೆ, ಬೋರ್ ನೀರೂ ಇರುತ್ತದೆ. ಭಾನುವಾರ ಜೋರು ಮಳೆ ಬಂದರೆ ಟೆರೇಸಿನ ಕೆಲಸ ಮಾತ್ರ ಜೂನ್ 21ರ ಭಾನುವಾರಕ್ಕೆ ಹೋಗುತ್ತದೆ, ಇದೇ ಸಮಯ. ಅದನ್ನು ಅಂದು ಬೆಳಿಗ್ಗೆ 6:30ಕ್ಕೆ ಗ್ರೂಪಿನಲ್ಲಿ ಹಾಕಿ, ಪ್ರತಿ ಫ್ಲೋರಿನ ಲಿಫ್ಟ್ ಪಕ್ಕದಲ್ಲೂ ಚೀಟಿ ಅಂಟಿಸುತ್ತೇವೆ.

ಏನೇ ಇದ್ದರೂ ಇಂಟರ್‌ಕಾಮ್ 304ಕ್ಕೆ ಮಾಡಿ, ರಾತ್ರಿ 10ರವರೆಗೆ ಎತ್ತುತ್ತೇನೆ. ಆ ಎರಡು ದಿನ ನಾನು ಕೆಳಗೆ ಅಥವಾ ಟೆರೇಸಿನಲ್ಲೇ ಇರುತ್ತೇನೆ. ಬಾಡಿಗೆಗೆ ಕೊಟ್ಟಿರುವ ಮಾಲೀಕರು ಈ ನೋಟಿಸನ್ನು ನಿಮ್ಮ ಬಾಡಿಗೆದಾರರಿಗೆ ಇವತ್ತೇ ಕಳಿಸಿ.

ಕಾರ್ಯದರ್ಶಿ, ನಿವಾಸಿಗಳ ಸಂಘ
ಫ್ಲಾಟ್ 304, ಉತ್ತರಹಳ್ಳಿ, ಬೆಂಗಳೂರು
ಜೂನ್ 8, 2026, ಸೋಮವಾರ