ಹೊಟ್ಟೆ ಆಪರೇಷನ್ ಆದ ಮೇಲೆ ಉಸಿರು ಎಳೆಯುವುದು, ಕೆಮ್ಮುವುದು

ಅಮ್ಮಾ, ನಿನ್ನೆ ನಿಮಗೆ ಕರುಳಿನ ಆಪರೇಷನ್ ಆಗಿದೆ. ಹೊಕ್ಕುಳ ಮೇಲಿಂದ ಕೆಳಗಿನವರೆಗೆ ಹೊಲಿಗೆ ಇದೆ. ಬೆಳಿಗ್ಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮರೆತರೆ ಮಗಳು ಓದಿ ಹೇಳಲಿ.

ನೋವಿಗೆ ಹೆದರಿ ಎಲ್ಲರೂ ಮೇಲೆಮೇಲೆ ಉಸಿರಾಡುತ್ತಾರೆ. ಆಗ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗುವುದಿಲ್ಲ, ಕಫ ಅಲ್ಲೇ ಕೂರುತ್ತದೆ. ಅದರಿಂದ ನ್ಯುಮೋನಿಯಾ ಆಗಬಹುದು.

ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಆದ ಮೇಲೆ ಶುರು ಮಾಡಿದರೆ ಸುಲಭ. ಪೂರ್ತಿ ಮಲಗಿಕೊಂಡು ಮಾಡಬೇಡಿ. ಮಂಚದ ತಲೆಭಾಗ ಎತ್ತಿಸಿಕೊಂಡು, ಇಲ್ಲವೇ ಕುರ್ಚಿಯಲ್ಲಿ ಕೂತು ಮಾಡಿ.

ಒಂದು ಕೈ ಪಕ್ಕೆಲುಬಿನ ಕೆಳತುದಿಯ ಮೇಲಿರಲಿ. ಭುಜ ಎತ್ತದೆ, ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಕೈ ಕೆಳಗೆ ಪಕ್ಕೆ ಅಗಲವಾಗಬೇಕು. 3 ಎಣಿಸುವಷ್ಟು ಹಿಡಿದು, ಬಾಯಿಂದ ಮೆಲ್ಲಗೆ ಬಿಡಿ. 5 ಸಲ ಆದ ಮೇಲೆ ಸುಮ್ನೆ ಕೂತು ಸುಧಾರಿಸಿಕೊಳ್ಳಿ, ಆಮೇಲೆ ಇನ್ನು 5 ಸಲ. ಒಂದೇ ಸಮನೆ ಮಾಡಿದರೆ ತಲೆ ಸುತ್ತುತ್ತದೆ. ಎಚ್ಚರ ಇರುವಾಗ ಗಂಟೆಗೊಮ್ಮೆ ಮಾಡಿ. ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಮೂರು ಚೆಂಡಿನ ಡಬ್ಬಿ ಕೊಟ್ಟಿದ್ದೇನಲ್ಲ, ಅದನ್ನು ಊದಬಾರದು, ಎಳೆಯಬೇಕು. ವಾರ್ಡಿನಲ್ಲಿ ಅರ್ಧ ಜನ ಊದುತ್ತಲೇ ಇರುತ್ತಾರೆ! ಮೂರೂ ಚೆಂಡು ಏರಲಿಲ್ಲ ಅಂತ ಬೇಜಾರು ಬೇಡ. ಇವತ್ತು ಒಂದು ಚೆಂಡು ಏರಿ 2–3 ಸೆಕೆಂಡು ನಿಂತರೂ ಸಾಕು.

ಈಗ ಕೆಮ್ಮು. "ಕೆಮ್ಮಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ, ಅಲ್ವಾ?" ಅಂತ ಬೆಳಿಗ್ಗೆ ಕೇಳಿದಿರಿ. ಹೊಲಿಗೆಗೆ ಆಸರೆ ಕೊಟ್ಟು ಕೆಮ್ಮಿದರೆ ಹಾಗೆ ಹೆದರಬೇಕಾಗಿಲ್ಲ. ಮಂಡಿ ಮಡಚಿ ಕೂತುಕೊಳ್ಳಿ, ಆಗ ಹೊಟ್ಟೆ ಬಿಗಿಯುವುದಿಲ್ಲ. ಮಡಚಿದ ಟವೆಲ್ ಅಥವಾ ಸಣ್ಣ ದಿಂಬನ್ನು ಹೊಲಿಗೆ ಮೇಲಿಟ್ಟು ಎರಡೂ ಕೈಯಿಂದ ಅವುಚಿ ಹಿಡಿಯಿರಿ. ಮೊದಲು ಕನ್ನಡಿಗೆ ಹಬೆ ಹಿಡಿಸುವ ಹಾಗೆ ಬಾಯಿ ತೆರೆದು "ಹಾ" ಅಂತ ಉಸಿರು ಬಿಡಿ, ಎರಡು ಸಲ. ಇದರಿಂದ ಕಫ ಮೇಲೆ ಬರುತ್ತದೆ, ನೋವೂ ಕಡಿಮೆ. ಆಮೇಲೆ ದೊಡ್ಡ ಉಸಿರು ಎಳೆದು, ದಿಂಬನ್ನು ಇನ್ನಷ್ಟು ಒತ್ತಿ ಹಿಡಿದು, ಒಂದೆರಡು ಸಲ ಗಟ್ಟಿಯಾಗಿ ಕೆಮ್ಮಿ. ಗಂಟಲಲ್ಲಿ ಖೊಕ್ ಖೊಕ್ ಅಂದರೆ ಪ್ರಯೋಜನವಿಲ್ಲ. ಬಂದ ಕಫವನ್ನು ನುಂಗಬೇಡಿ, ಮುಚ್ಚಳದ ಕಪ್ಪಿನಲ್ಲಿ ಉಗುಳಿ. ಕಫವೇ ಇಲ್ಲ ಅನಿಸಿದರೆ ಬಲವಂತವಾಗಿ ಕೆಮ್ಮುತ್ತಾ ಕೂರಬೇಡಿ. ಸೀನು ಬಂದರೂ ದಿಂಬು ಒತ್ತಿ ಹಿಡಿಯಿರಿ.

ಮಗಳಿಗೆ ಒಂದು ಮಾತು: ಅಮ್ಮನ ಬೆನ್ನು ತಟ್ಟಬೇಡಿ, ದಿಂಬು ಕೈಗೆ ಸಿಗುವ ಹಾಗೆ ಇಡಿ. ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ. ಮೊದಲು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಟ್ಟ ಮೇಲೆ ಕೂರಿಸಿ. ಸಂಜೆ ನಾನು ಬಂದು ನಡೆಸುತ್ತೇನೆ.

ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ, ಹೊಲಿಗೆಯಿಂದ ಇದ್ದಕ್ಕಿದ್ದಂತೆ ನೀರು ಸೋರಿದರೆ ವ್ಯಾಯಾಮ ನಿಲ್ಲಿಸಿ. ನನಗಾಗಿ ಕಾಯದೆ ತಕ್ಷಣ ಸಿಸ್ಟರ್‌ನ ಕರೆಯಿರಿ.