ಆರನೇ ತರಗತಿ ಭಿನ್ನರಾಶಿ ಅಧ್ಯಯನ: ನಮ್ಮ ಪ್ರಾಕ್ಕಲ್ಪನೆಗಳು ಇವು, ಓದಿ ಜಗಳ ಆಡಿ

ಗಣಿತದ ಅಕ್ಕೋರಿಗೆ, ಸರ್‌ಗೆ, ಮತ್ತೆ ಪೇಪರ್ ತಿದ್ದಿಕೊಡ್ತೀನಿ ಅಂತ ಒಪ್ಪಿಕೊಂಡ ಪಕ್ಕದೂರಿನ ಗುರುಗಳಿಗೆ ನಮಸ್ಕಾರ.

ಜುಲೈನಲ್ಲಿ ಪಾಠ ಶುರುವಾಗೋದಕ್ಕೆ ಮೊದಲೇ ಇದು ಕಾಗದದ ಮೇಲೆ ಬರಬೇಕು. ಅಂಕಪಟ್ಟಿ ಕೈಗೆ ಬಂದ ಮೇಲೆ ಕೂತು ಬರೆದರೆ ಅದು ಪ್ರಾಕ್ಕಲ್ಪನೆ ಆಗಲ್ಲ, ಆದದ್ದಕ್ಕೆ ಹೆಸರಿಡೋದು ಅಷ್ಟೇ. ಅದಕ್ಕೇ ಇಷ್ಟು ಅವಸರ.

ಮೊದಲು ಏನನ್ನು ಹೋಲಿಸ್ತಿದ್ದೀವಿ ಅನ್ನೋದು. ಇಂಡಿ ತಾಲೂಕಿನ ನಮ್ಮ ಹಿರಿಯ ಪ್ರಾಥಮಿಕ ಶಾಲೆಗೆ ಆರನೇ ತರಗತಿಗೆ ಈ ವರ್ಷ 66 ಮಕ್ಕಳು. ಅರ್ಧದಷ್ಟು ನಮ್ಮಲ್ಲೇ ಐದನೇದು ಮುಗಿಸಿದವರು, ಉಳಿದವರು ತೋಟದ ಶಾಲೆಗಳಿಂದ, ತಾಂಡಾ ಶಾಲೆಯಿಂದ ಬಂದವರು. ಹೇಗಿದ್ದರೂ ಸೆಕ್ಷನ್ ಹೊಸದಾಗಿ ಮಾಡಬೇಕು. ಹಾಗಾಗಿ ಚೀಟಿ ಎತ್ತಿ 33, 33 ಮಾಡ್ತೀವಿ. ಜಾಣರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಅನ್ನೋ ಹಳೇ ಪದ್ಧತಿ ಬೇಡ. ಯಾರದೋ ತಂದೆ ಬಂದು 'ನಮ್ಮ ಹುಡುಗನ್ನ ಎ ಸೆಕ್ಷನ್‌ಗೆ ಹಾಕ್ರಿ' ಅಂದರೂ ಚೀಟಿ ಬದಲಾಗಲ್ಲ. ಇದೊಂದು ವಿಷಯದಲ್ಲಿ ಹೆಡ್‌ಮಾಸ್ತರು ಗಟ್ಟಿ ನಿಲ್ಲಬೇಕು.

ಒಂದು ಸೆಕ್ಷನ್‌ಗೆ ರೂಢಿ ಪದ್ಧತಿ: ಬೋರ್ಡ್ ಮೇಲೆ ನಿಯಮ, ಬಿಡಿಸಿ ತೋರಿಸಿದ ಎರಡು ಲೆಕ್ಕ, ಆಮೇಲೆ ಅಭ್ಯಾಸ. ಇನ್ನೊಂದಕ್ಕೆ ಪಟ್ಟಿ ಪದ್ಧತಿ: ಮಕ್ಕಳು ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಮಡಚಿ ಅರ್ಧ, ಮೂರನೇ ಒಂದು, ಆರನೇ ಒಂದು ಮಾಡಿ, ಪಕ್ಕಪಕ್ಕ ಇಟ್ಟು ನೋಡಿ, ನಿಯಮವನ್ನು ತಾವೇ ಹೇಳಿದ ಮೇಲೆ ಅದು ಬೋರ್ಡ್ ಮೇಲೆ ಬರುತ್ತೆ. ರೊಟ್ಟಿ ಮುರಿದು ತೋರಿಸೋಣ ಅಂತ ಅಕ್ಕೋರು ಹೇಳಿದ್ದರು. ಚಲೋ ಇದೆ, ಆದರೆ ಕಡಕ್ ರೊಟ್ಟಿ ಯಾವತ್ತೂ ಸಮನಾಗಿ ಮುರಿಯಲ್ಲ, ಭಿನ್ನರಾಶಿಗೆ ಬೇಕಾಗಿರೋದೇ ಸಮಭಾಗ. ಕಾಗದವೇ ಇರಲಿ. ಎರಡೂ ಕಡೆ 18 ಪೀರಿಯಡ್, ಅದೇ ಅಭ್ಯಾಸದ ಲೆಕ್ಕ, ಅದೇ ಮನೆಗೆಲಸ. ಅಕ್ಕೋರು ಒಂದು ಸೆಕ್ಷನ್, ಸರ್ ಒಂದು ಸೆಕ್ಷನ್ ಅಂತ ಹಂಚಿಕೊಂಡರೆ ಕೊನೆಗೆ ಉಳಿಯೋ ಪ್ರಶ್ನೆ 'ಯಾರು ಚೆನ್ನಾಗಿ ಕಲಿಸ್ತಾರೆ' ಅನ್ನೋದು, ಅದು ನಮಗೆ ಬೇಡ. ಆದ್ದರಿಂದ ವಾರಕ್ಕೊಮ್ಮೆ ಅದಲು ಬದಲು. ಬಿಸಿಯೂಟ ಆದ ಮೇಲಿನ ನಿದ್ದೆಗಣ್ಣಿನ ಪೀರಿಯಡ್ ಕೂಡ ಒಂದು ವಾರ ಇವರಿಗೆ, ಒಂದು ವಾರ ಅವರಿಗೆ.

ಈಗ ಮುಖ್ಯ ಪ್ರಾಕ್ಕಲ್ಪನೆ.

ಶೂನ್ಯ ಪ್ರಾಕ್ಕಲ್ಪನೆ: ಭಿನ್ನರಾಶಿ ಘಟಕ ಮುಗಿದು ಎರಡು ವಾರದ ನಂತರ ನಡೆಯುವ 25 ಅಂಕದ ಪರೀಕ್ಷೆಯಲ್ಲಿ, ಪಟ್ಟಿ ಪದ್ಧತಿಯಲ್ಲಿ ಕಲಿತ ಮಕ್ಕಳ ಸರಾಸರಿ ಅಂಕಕ್ಕೂ ರೂಢಿ ಪದ್ಧತಿಯಲ್ಲಿ ಕಲಿತ ಮಕ್ಕಳ ಸರಾಸರಿ ಅಂಕಕ್ಕೂ ವ್ಯತ್ಯಾಸವಿಲ್ಲ.

ಪರ್ಯಾಯ ಪ್ರಾಕ್ಕಲ್ಪನೆ: ಅದೇ ಪರೀಕ್ಷೆಯಲ್ಲಿ ಈ ಎರಡು ಸರಾಸರಿಗಳ ನಡುವೆ ವ್ಯತ್ಯಾಸವಿದೆ.

```
H₀: μ₁ = μ₂
H₁: μ₁ ≠ μ₂
```

`μ₁` ಪಟ್ಟಿ ಪದ್ಧತಿಯದು, `μ₂` ರೂಢಿಯದು. ಸಾರ್ಥಕತೆಯ ಮಟ್ಟ 0.05. ಎರಡು ಸ್ವತಂತ್ರ ಗುಂಪುಗಳ ಟಿ ಪರೀಕ್ಷೆ, ಎರಡೂ ಬಾಲ ಸೇರಿಸಿ. 66 ಮಕ್ಕಳೂ ಪರೀಕ್ಷೆಗೆ ಕೂತರೆ ಸ್ವಾತಂತ್ರ್ಯದ ಅಂಶ 64, ಟಿ ಬೆಲೆ ಋಣವೋ ಧನವೋ ಸುಮಾರು 2.00 ದಾಟಬೇಕು.

ಮೊನ್ನೆ ಸರ್ ಕೇಳಿದ ಪ್ರಶ್ನೆಗೆ ಇಲ್ಲೇ ಉತ್ತರ ಬರೆದುಬಿಡ್ತೀನಿ. 'ಪಟ್ಟಿ ಪದ್ಧತಿ ಚಲೋ ಅಂತ ನಂಬಿಯೇ ಅಲ್ವಾ ನಾವು ಇಷ್ಟೆಲ್ಲ ಮಾಡ್ತಿರೋದು, ಮತ್ತೆ ವ್ಯತ್ಯಾಸವಿಲ್ಲ ಅಂತ ಯಾಕೆ ಬರೀಬೇಕು?' ಅಂದರು. ಚೀಟಿ ಎತ್ತಿದ್ದನ್ನು ನೆನಪಿಸಿಕೊಳ್ಳಿ ಸರ್. ಎರಡೂ ಸೆಕ್ಷನ್‌ಗೆ ಒಂದೇ ಥರ ಕಲಿಸಿದ್ದರೂ ಸರಾಸರಿ ಪಕ್ಕಾ ಒಂದೇ ಬರ್ತಿರಲಿಲ್ಲ, ಒಂದು ಸೆಕ್ಷನ್‌ಗೆ ಸುಮ್ನೆ ನಾಲ್ಕು ಜನ ಚುರುಕು ಮಕ್ಕಳು ಜಾಸ್ತಿ ಬಿದ್ದಿರಬಹುದು, ಇನ್ನೊಂದಕ್ಕೆ ಬಿದ್ದಿರಲಿಕ್ಕಿಲ್ಲ. ಶೂನ್ಯ ಪ್ರಾಕ್ಕಲ್ಪನೆ ಹೇಳೋದು ಇಷ್ಟೇ: ಕಾಣ್ತಿರೋ ಅಂತರವೆಲ್ಲ ಚೀಟಿ ಬಿದ್ದ ರೀತಿಯದು, ಪದ್ಧತಿಯದಲ್ಲ. ಚೀಟಿ ಬೇರೆ ಥರ ಬಿದ್ದಿದ್ದರೆ ಎಷ್ಟು ಅಂತರ ಬರ್ತಿತ್ತು ಅನ್ನೋದನ್ನು ಲೆಕ್ಕ ಹಾಕಬಹುದು, ಯಾಕೆಂದರೆ ಆ ಮಾತು ಅಷ್ಟು ಖಚಿತವಾಗಿದೆ. 'ಪಟ್ಟಿ ಪದ್ಧತಿ ಚಲೋ' ಅನ್ನೋದರಿಂದ ಯಾವ ಲೆಕ್ಕವೂ ಹೊರಡಲ್ಲ. ಎಷ್ಟು ಚಲೋ? ಒಂದು ಅಂಕವೋ ಆರು ಅಂಕವೋ? ಗೊತ್ತಿಲ್ಲದ್ದನ್ನು ಅಲ್ಲಗಳೆಯೋದು ಹೇಗೆ? ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲೇ ಇದನ್ನು ಹೇಳಿದ್ದರು, ಶೂನ್ಯ ಪ್ರಾಕ್ಕಲ್ಪನೆ ಯಾವತ್ತೂ ಸಾಬೀತಾಗಲ್ಲ, ಪ್ರಯೋಗದಲ್ಲಿ ಅದು ಬಿದ್ದುಹೋಗಬಹುದು ಅಷ್ಟೇ ಅಂತ. ಅದು ಬೀಳೋಕೆ ಅವಕಾಶ ಇರಬೇಕು ಅಂದರೆ ನೇರವಾಗಿ, ಇಷ್ಟೇ ಅಂತ ಬರೆದಿರಬೇಕು.

ಅಕ್ಕೋರು ಬರೆದುಕೊಟ್ಟ ಕರಡಿನಲ್ಲಿ 'ಪಟ್ಟಿ ಪದ್ಧತಿಯು ಮಕ್ಕಳ ಸರ್ವತೋಮುಖ ಬೆಳವಣಿಗೆಯ ಮೇಲೆ ಪರಿಣಾಮ ಬೀರುತ್ತದೆ' ಅಂತ ಇತ್ತು. ಅಕ್ಕೋರೇ, ಬೇಜಾರು ಮಾಡ್ಕೋಬೇಡಿ, ಅದನ್ನು ತೆಗೆದಿದ್ದೀನಿ. ಸರ್ವತೋಮುಖ ಬೆಳವಣಿಗೆಗೆ 25 ಅಂಕದ ಪೇಪರ್ ತೆಗೆಯೋಕೆ ಆಗಲ್ಲ.

ಇನ್ನು `≠` ಯಾಕೆ, `>` ಯಾಕಿಲ್ಲ. ಇದರ ಬಗ್ಗೆ ನಾನು ಸ್ವಲ್ಪ ಹಟ ಹಿಡೀತೀನಿ. `μ₁ > μ₂` ಅಂತ ಬರೆದರೆ ದಾಟಬೇಕಾದ ಟಿ ಬೆಲೆ 2.00 ರಿಂದ ಸುಮಾರು 1.67ಕ್ಕೆ ಇಳಿಯುತ್ತೆ, ಹೊಸ ಪದ್ಧತಿ ಪಾಸಾಗೋದು ಸುಲಭ, ಬಹಳ ಕಡೆ ಅದಕ್ಕೇ ಹಾಗೆ ಬರೀತಾರೆ ಅಂತ ನನ್ನ ಗುಮಾನಿ. ಆದರೆ ಪಟ್ಟಿ ಮಡಚೋದಕ್ಕೆ ಪೀರಿಯಡ್ ಹೋಗುತ್ತೆ. 18 ಪೀರಿಯಡ್‌ನಲ್ಲಿ ಮಡಚೋದೇ ಆಗಿ, ಲೆಕ್ಕ ಬರೆದು ಬಿಡಿಸೋಕೆ ಸಮಯ ಕಮ್ಮಿಯಾಗಿ, ಈ ಮಕ್ಕಳು ಹಿಂದೆ ಬೀಳೋದೂ ಸಾಧ್ಯ. ಹಾಗೆ ಆದರೆ ಅದು ನಮಗೆ ಗೊತ್ತಾಗಲೇಬೇಕು, ಯಾಕೆಂದರೆ ಮುಂದಿನ ವರ್ಷ ಎರಡೂ ಸೆಕ್ಷನ್‌ಗೆ ಇದನ್ನೇ ಹಚ್ಚೋ ವಿಚಾರ ಇದೆ. ಒಂದೇ ಬಾಲದ ಪರೀಕ್ಷೆ ಇಟ್ಟುಕೊಂಡರೆ ಪಟ್ಟಿ ಸೆಕ್ಷನ್ ಐದು ಅಂಕ ಹಿಂದೆ ಬಿದ್ದರೂ ನಾವು ಬರೆಯಬೇಕಾದ್ದು 'ಶೂನ್ಯ ಪ್ರಾಕ್ಕಲ್ಪನೆ ತಿರಸ್ಕರಿಸಲಾಗಲಿಲ್ಲ' ಅಂತ ಮಾತ್ರ. ಅದು ಮೋಸ ಅನಿಸುತ್ತೆ ನನಗೆ.

ಎರಡನೇ ಪ್ರಾಕ್ಕಲ್ಪನೆ ಒಂದೇ ಒಂದು ತಪ್ಪಿನ ಬಗ್ಗೆ. ಪೇಪರಿನ ಏಳನೇ ಪ್ರಶ್ನೆ ಹೀಗಿದೆ: 'ತೋಟದ ನಿಂಬೆಹಣ್ಣಿನಲ್ಲಿ 1/2 ಭಾಗ ಸೋಮವಾರ ಮಾರಿದರು, 1/3 ಭಾಗ ಮಂಗಳವಾರ ಮಾರಿದರು. ಒಟ್ಟು ಎಷ್ಟು ಭಾಗ ಮಾರಿದಂತಾಯಿತು?' ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಬರೆಯೋ ಮಕ್ಕಳನ್ನು ನೀವೂ ಸಾಕಷ್ಟು ನೋಡಿದ್ದೀರಿ. ಸೋಮವಾರವೇ ಅರ್ಧ ಮಾರಿದ್ದಾರೆ, ಮಂಗಳವಾರ ಇನ್ನೂ ಮಾರಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಯಿತು ಅಂತ ಬರೆದುಕೊಟ್ಟು ಮಗು ಆರಾಮಾಗಿ ಪೇಪರ್ ಮಡಚಿಡುತ್ತೆ! ಲ.ಸಾ.ಅ. ಮರೆತ ತಪ್ಪಲ್ಲ ಇದು, ಅಂಶ ಛೇದ ಎರಡನ್ನೂ ಬೇರೆಬೇರೆ ಸಂಖ್ಯೆ ಅಂತ ನೋಡೋ ತಪ್ಪು. ಪಟ್ಟಿ ಪಕ್ಕಪಕ್ಕ ಇಟ್ಟ ಮಗುವಿಗೆ ಇದು ಕಣ್ಣಿಗೆ ಹೊಡೀಬೇಕು ಅಂತ ನಮ್ಮ ಊಹೆ.

ಶೂನ್ಯ ಪ್ರಾಕ್ಕಲ್ಪನೆ: ಏಳನೇ ಪ್ರಶ್ನೆಗೆ 2/5 ಎಂದು ಬರೆಯುವ ಮಕ್ಕಳ ಪ್ರಮಾಣ ಎರಡೂ ಪದ್ಧತಿಗಳಲ್ಲಿ ಒಂದೇ.

ಪರ್ಯಾಯ ಪ್ರಾಕ್ಕಲ್ಪನೆ: ಆ ಪ್ರಮಾಣ ಎರಡು ಪದ್ಧತಿಗಳಲ್ಲಿ ಬೇರೆ ಬೇರೆ.

```
H₀: p₁ = p₂
H₁: p₁ ≠ p₂
```

ಇದಕ್ಕೆ ಕೈ ವರ್ಗ ಪರೀಕ್ಷೆ, ದಾಟಬೇಕಾದ ಬೆಲೆ 3.84. ಇಂಥ ಉತ್ತರ ತೀರಾ ಕಡಿಮೆ ಬಂದು ಎಣಿಕೆಯ ಕೋಷ್ಟಕದ ಯಾವುದಾದರೂ ಮನೆಯ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕೆಳಗಿಳಿದರೆ ಫಿಶರ್ ಅವರ ನಿಖರ ಪರೀಕ್ಷೆ. ಮೊದಲನೇ ಶೂನ್ಯ ಪ್ರಾಕ್ಕಲ್ಪನೆ ಬಿದ್ದರೆ ಮಾತ್ರ ಇದನ್ನು ಪರೀಕ್ಷೆಗೆ ಹಚ್ಚೋದು. ಬೀಳದಿದ್ದರೆ ಎಷ್ಟು ಮಕ್ಕಳು ಹಾಗೆ ಬರೆದರು ಅಂತ ಎಣಿಸಿ ಬರೆದಿಟ್ಟು ಸುಮ್ಮನಾಗೋದು.

ಹುಡುಗ ಹುಡುಗಿ, ತೋಟದ ಶಾಲೆಯವರು ಊರ ಶಾಲೆಯವರು, ಮನೆಮಾತು ಲಂಬಾಣಿಯೋ ಮರಾಠಿಯೋ ಕನ್ನಡವೋ ಅಂತ ಇನ್ನೂ ಪ್ರಾಕ್ಕಲ್ಪನೆ ಸೇರಿಸೋಣ ಅನ್ನೋ ಸಲಹೆ ಬಂದಿತ್ತು. ಎಂ.ಎಡ್. ಪ್ರಬಂಧಗಳಲ್ಲಿ ಹನ್ನೆರಡು, ಹದಿನೈದು ಪ್ರಾಕ್ಕಲ್ಪನೆ ಸಾಲಾಗಿ ನಿಂತಿರೋದನ್ನು ನೋಡಿ ನಮಗೂ ಅದೇ ರೂಢಿ. ಆದರೆ ನಿಜಕ್ಕೂ ಎಲ್ಲೂ ವ್ಯತ್ಯಾಸ ಇಲ್ಲದಿದ್ದರೂ, 0.05 ಮಟ್ಟದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಐದು ಪರೀಕ್ಷೆ ಮಾಡಿದರೆ ಒಂದಾದರೂ ಸುಳ್ಳೇ 'ವ್ಯತ್ಯಾಸ ಇದೆ' ಅನ್ನೋ ಸಂಭವ ಶೇ. 23ರಷ್ಟು. ಎರಡೇ ಸಾಕು.

ಒಂದು ಕಹಿ ಮಾತು ಈಗಲೇ. 33 ಮಕ್ಕಳು ಅಂದರೆ ಚಿಕ್ಕ ಗುಂಪು. ಈ ಸಂಖ್ಯೆಗೆ ಶೇ. 80 ಭರವಸೆಯಿಂದ ಹಿಡಿಯಬಹುದಾದ ವ್ಯತ್ಯಾಸ ಮಾನಕ ವಿಚಲನೆಯ ಸುಮಾರು 0.7 ಪಾಲು. ಅಂಕಗಳ ಮಾನಕ ವಿಚಲನೆ 5 ಅಂದುಕೊಂಡರೆ ಮೂರೂವರೆ ಅಂಕ. ಮಾನಕ ವಿಚಲನೆಯ ಅರ್ಧಪಾಲು, ಅಂದರೆ ಎರಡೂವರೆ ಅಂಕದ ವ್ಯತ್ಯಾಸ ಹಿಡೀಬೇಕಾದರೆ ಒಂದೊಂದು ಗುಂಪಿಗೆ 64 ಮಕ್ಕಳು ಬೇಕಿತ್ತು. ಆದ್ದರಿಂದ ಫಲಿತಾಂಶದ ವಾಕ್ಯಗಳನ್ನೂ ಈಗಲೇ ಬರೆದಿಡ್ತೀನಿ, ಆಮೇಲೆ ಯಾರೂ ತಿರುಚೋ ಹಾಗಿಲ್ಲ.

ಟಿ ಬೆಲೆ ದಾಟಿದರೆ: 'ಈ 66 ಮಕ್ಕಳಲ್ಲಿ ಕಂಡ ಇಂತಿಷ್ಟು ಅಂಕದ ಅಂತರ ಬರೀ ಚೀಟಿಯಿಂದ ಬರುವ ಸಂಭವ ಕಡಿಮೆ, ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಿದ್ದೇವೆ.' ಯಾವ ಪದ್ಧತಿ ಮುಂದೆ ಅನ್ನೋದನ್ನೂ ಅದೇ ಸಾಲಿನಲ್ಲಿ ಹೇಳ್ತೀವಿ.

ದಾಟದಿದ್ದರೆ: 'ವ್ಯತ್ಯಾಸವಿದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ.' ಎರಡು ಪದ್ಧತಿಯೂ ಸಮ ಅಂತ ಬರೆಯೋ ಹಾಗಿಲ್ಲ. ನಾವು ಹಿಡಿಯಲಾಗದಷ್ಟು ಸಣ್ಣ ವ್ಯತ್ಯಾಸ ಅಲ್ಲೇ ಇರಬಹುದು.

ಎರಡರಲ್ಲೂ 'ವಿಜಯಪುರ ಜಿಲ್ಲೆಯ ಮಕ್ಕಳು' ಅನ್ನೋ ಮಾತು ಬರಕೂಡದು. ನಮ್ಮದು ಒಂದು ಶಾಲೆ, ಎರಡು ಕೋಣೆ. ಒಂದು ಕೋಣೆಯಲ್ಲಿ ಇಬ್ಬರು ತುಂಟರು ಕೂಡಿ ಕೂತರೂ 33 ಜನರ ಅಂಕಕ್ಕೂ ಅದರ ಬಿಸಿ ತಟ್ಟುತ್ತೆ, ಟಿ ಪರೀಕ್ಷೆಗೆ ಅದು ಕಾಣಲ್ಲ. ವರದಿಯಲ್ಲಿ ಈ ಮಾತನ್ನೂ ಹಾಕ್ತೀವಿ.

ಪರೀಕ್ಷೆ ಸೆಪ್ಟೆಂಬರ್ ಮೊದಲ ವಾರ. ದಸರೆ ದಾಟಿದರೆ ಕಬ್ಬು ಕಡಿಯೋಕೆ ಹೋಗೋ ಮನೆಗಳ ಮಕ್ಕಳು ಅಪ್ಪ ಅಮ್ಮನ ಜೊತೆ ಗಾಡಿ ಹತ್ತಿಬಿಡ್ತಾರೆ, ಆಗ ಯಾರನ್ನು ಯಾರ ಜೊತೆ ಹೋಲಿಸೋದು? ಮಧ್ಯೆ ಶಾಲೆ ಬಿಟ್ಟವರು ಯಾವ ಸೆಕ್ಷನ್‌ನಿಂದ ಎಷ್ಟು ಅನ್ನೋದನ್ನೂ ಬರೆದಿಡಿ. ಪೀರಿಯಡ್ ತಪ್ಪಿಸಿದ ಮಗುವನ್ನು ಲೆಕ್ಕದಿಂದ ತೆಗೆಯಬಾರದು, ಚೀಟಿ ಯಾವ ಸೆಕ್ಷನ್‌ಗೆ ಹಾಕಿತ್ತೋ ಅದರಲ್ಲೇ ಎಣಿಕೆ.

ಪಕ್ಕದೂರಿನ ಗುರುಗಳಿಗೆ ಪೇಪರ್ ಬರೋದು ಬರೀ ನಂಬರ್ ಹಾಕಿ. ಹೆಸರು, ಸೆಕ್ಷನ್ ಇರಲ್ಲ, ಎರಡೂ ಕಟ್ಟು ಕಲಸಿ ಕೊಡ್ತೀವಿ. ತಿದ್ದುವಾಗ ಮೂಲೆಯಲ್ಲಿ ಪಟ್ಟಿಯ ಚಿತ್ರ ಬರೆದ ಪೇಪರ್ ಸಿಕ್ಕರೆ ಯಾವ ಸೆಕ್ಷನ್ ಅಂತ ನಿಮಗೆ ತಿಳಿದುಹೋಗುತ್ತೆ, ಅದಕ್ಕೆ ಕಚ್ಚಾ ಕೆಲಸಕ್ಕೆ ಬೇರೆ ಹಾಳೆ ಕೊಟ್ಟು ವಾಪಸ್ ಇಸ್ಕೊಳ್ತೀವಿ.

ತಕರಾರು ಇದ್ದರೆ ಶನಿವಾರದ ಒಳಗೆ ಹೇಳಿ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಚೀಟಿ ಎತ್ತೋದು. ಅದಕ್ಕೂ ಮೊದಲು ಈ ಹಾಳೆ ಮೇಲೆ ಮೂವರ ಸಹಿ, ತಾರೀಖು ಬಿದ್ದು, ಹೆಡ್‌ಮಾಸ್ತರ ಕಪಾಟಿಗೆ ಹೋಗಬೇಕು.