ಅಘನಾಶಿನಿ ಅಳಿವೆ ವರದಿ: ಮುದ್ರಣಕ್ಕೆ ಕೊಡುವ ಮುಂಚಿನ ಪರಿಶೀಲನಾ ಪಟ್ಟಿ

ಕೊನೆಯ ಓದು ಮಾಡುವ ಮೂವರಿಗೂ,

ವರದಿಯ ಏಳೂ ಅಧ್ಯಾಯಗಳು, ಅನುಬಂಧಗಳು ಕೈಗೆ ಬಂದಿವೆ. ಗಜನಿ ಭೂಮಿ, ಕಗ್ಗ ಭತ್ತ, ಬಳಚು ಹೆಕ್ಕುವವರು, ಮೀನುಗಾರಿಕೆ ಎಲ್ಲವನ್ನೂ ಬೇರೆ ಬೇರೆಯವರು ಬರೆದಿದ್ದಾರೆ. ಹಾಗಾಗಿ ಒಂದೇ ಊರಿಗೆ ಮೂರು ಕಾಗುಣಿತ, ಒಂದೇ ಜಮೀನಿಗೆ ಎರಡು ವಿಸ್ತೀರ್ಣ ಸಿಗುವುದು ಖಂಡಿತ. ಈ ಓದು ಅದಕ್ಕೆ ಮಾತ್ರ. ಶೈಲಿ ತಿದ್ದುವ ಕಾಲ ಮುಗಿದಿದೆ. ಒಳ್ಳೆಯ ವಾಕ್ಯವನ್ನು ಇನ್ನೂ ಒಳ್ಳೆಯದು ಮಾಡಲು ಹೋಗಬೇಡಿ.

ಎರಡು ಪೆನ್ನು ಇಟ್ಟುಕೊಳ್ಳಿ. ಕಾಗುಣಿತದ ತಪ್ಪನ್ನು ಕೆಂಪಿನಲ್ಲಿ ನೀವೇ ತಿದ್ದಿ. ಹೆಸರು, ತಾರೀಖು, ಸಂಖ್ಯೆಗಳಲ್ಲಿ ಅನುಮಾನ ಬಂದರೆ ಹಸಿರಿನಲ್ಲಿ ಸುತ್ತು ಹಾಕಿ ಬರೆದವರನ್ನು ಕೇಳಿ. ಎರಡು ಕಡೆ ಎರಡು ಸಂಖ್ಯೆ ಇದ್ದರೆ ಹೆಚ್ಚು ಸಲ ಬಂದದ್ದೇ ಸರಿ ಎಂದು ಹಿಡಿಯಬೇಡಿ. ಒಂದು ತಪ್ಪು ನಕಲಾಗುತ್ತಾ ಹತ್ತು ಪುಟಕ್ಕೆ ಹೋಗಿರುತ್ತದೆ, ಸರಿಯಾದದ್ದು ಅನುಬಂಧದಲ್ಲಿ ಒಂಟಿಯಾಗಿ ಉಳಿದಿರುತ್ತದೆ. ಎಲ್ಲ ಕಡೆ ಒಂದೇ ಥರ ಮಾಡಿಬಿಟ್ಟರೆ ಆ ತಪ್ಪನ್ನು ಮುಂದೆ ಯಾರೂ ಹಿಡಿಯಲಾರರು.

ಮೊದಲು ಒಂದು ಹಾಳೆ

ಓದಲು ಶುರು ಮಾಡುವಾಗಲೇ ಪಕ್ಕದಲ್ಲಿ ಒಂದು ಹಾಳೆ ಇರಲಿ. ಪ್ರತಿ ಹೆಸರೂ ಮೊದಲ ಸಲ ಬಂದಾಗ ಬರೆದುಕೊಳ್ಳಿ, ಪುಟಸಂಖ್ಯೆ ಹಾಕಿ. ಮುಂದೆ ಬೇರೆ ರೂಪ ಕಂಡರೆ ಅದರ ಮುಂದೆಯೇ ಸೇರಿಸಿ. ದಿನದ ಕೊನೆಗೆ ಮೂವರ ಹಾಳೆಗಳನ್ನೂ ಒಟ್ಟಿಗೆ ಇಟ್ಟು ನೋಡೋಣ.

ಊರು, ಹೊಳೆ, ತಾಲ್ಲೂಕು

ನಾವು ಬಳಸುವ ರೂಪ: ಕಾರವಾರ, ಶಿರಸಿ, ಕುಮಟಾ, ಹೊನ್ನಾವರ, ಜೋಯಿಡಾ, ದಾಂಡೇಲಿ, ಮಿರ್ಜಾನ, ತದಡಿ. ಸಿರ್ಸಿ, ಕುಮಟೆ, ಜೊಯ್ಡಾ, ಮಿರ್ಜಾನ್ ಇವೂ ಬಳಕೆಯಲ್ಲಿವೆ, ತಪ್ಪೇನಲ್ಲ. ನಮ್ಮ ವರದಿಯಲ್ಲಿ ಮಾತ್ರ ಬೇಡ. ವಿಭಕ್ತಿ ಸೇರಿದಾಗ ಹಳೆಯ ರೂಪ ನುಸುಳುತ್ತದೆ: ಒಂದು ಸಾಲಿನಲ್ಲಿ 'ಕುಮಟಾದಲ್ಲಿ', ಮುಂದಿನ ಸಾಲಿನಲ್ಲಿ 'ಕುಮಟೆಯ'. 'ಕುಮಟೆ' ಎಂದು ಪ್ರತ್ಯೇಕವಾಗಿ ಹುಡುಕಿ. ಯಾರದ್ದಾದರೂ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದರೆ ಅವರು ಆಡಿದ ರೂಪವೇ ಇರಲಿ.

▢ ಅಘನಾಶಿನಿ ಹೊಳೆಯೂ ಹೌದು, ಅಳಿವೆಯ ದಡದ ಊರೂ ಹೌದು. 'ಅಘನಾಶಿನಿಯಲ್ಲಿ' ಎಂದು ಬಂದ ಕಡೆಯೆಲ್ಲ ಯಾವುದೆಂದು ತಿಳಿಯುತ್ತದೆಯೇ? ಅನುಮಾನವಿದ್ದರೆ 'ಅಘನಾಶಿನಿ ಗ್ರಾಮ' ಎಂದು ಮಾಡಿ.

▢ ಹಳೆಯ ದಾಖಲೆಗಳಿಂದ ಎತ್ತಿದ ಭಾಗದಲ್ಲಿ ಇದೇ ಹೊಳೆ 'ತದ್ರಿ ನದಿ' ಎಂದಿದೆ. ಮೊದಲ ಸಲ ಬಂದಾಗ ಎರಡೂ ಒಂದೇ ಎಂದು ಹೇಳಿದೆಯೇ? ಇಲ್ಲದಿದ್ದರೆ ಹೊರಗಿನ ಓದುಗರು ಎರಡು ಹೊಳೆ ಎಂದುಕೊಳ್ಳುತ್ತಾರೆ. ಗಂಗಾವಳಿ ಮತ್ತು ಬೇಡ್ತಿಯದೂ ಇದೇ ಕಥೆ.

▢ ಶಿರೂರು ಎಂದಾಗ ಅಂಕೋಲಾ ತಾಲ್ಲೂಕಿನದೋ ಉಡುಪಿ ಜಿಲ್ಲೆಯದೋ? ತಾಲ್ಲೂಕಿನ ಹೆಸರು ಸೇರಿಸಿ.

▢ ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕುಗಳು 11 ಎಂದಿದೆಯೋ 12 ಎಂದಿದೆಯೋ? 2011ರ ಜನಗಣತಿಯ ಕೋಷ್ಟಕದಲ್ಲಿ 11 ಇದ್ದರೆ ಸರಿ; ದಾಂಡೇಲಿ ಆಗ ಹಳಿಯಾಳದೊಳಗಿತ್ತು. ಇಂದಿನ ಸ್ಥಿತಿ ಹೇಳುವಲ್ಲಿ 12 ಇರಬೇಕು. ಎರಡನ್ನೂ ಒಂದೇ ಮಾಡಬೇಡಿ, ಕೋಷ್ಟಕದ ಕೆಳಗೆ ಒಂದು ಸಾಲಿನ ವಿವರಣೆ ಸಾಕು.

▢ ರಾಷ್ಟ್ರೀಯ ಹೆದ್ದಾರಿ 17 ಮತ್ತು 66: ಕರಾವಳಿಯ ದಾರಿ ಒಂದೇ, ಸಂಖ್ಯೆ ಬದಲಾಗಿದೆ. ಈಗಿನ ಮಾತಾದರೆ 66.

▢ ಇತಿಹಾಸದ ಅಧ್ಯಾಯದಲ್ಲಿ '1956ರಲ್ಲಿ ಜಿಲ್ಲೆ ಕರ್ನಾಟಕಕ್ಕೆ ಸೇರಿತು' ಎಂಬ ಸಾಲಿದೆ. ಅದು ಆಗ ಸೇರಿದ್ದು ಮೈಸೂರು ರಾಜ್ಯಕ್ಕೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಹಿಂದೆ, 1862ರಲ್ಲಿ, ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದ ಉಲ್ಲೇಖವೂ ಅದೇ ಪುಟದಲ್ಲಿದೆ. ಮೂರನ್ನೂ ಒಟ್ಟಿಗೆ ಓದಿ ನೋಡಿ.

ಜನರ ಹೆಸರು

ಇಲ್ಲಿ ಅವಸರ ಬೇಡವೇ ಬೇಡ. ನಮ್ಮ ಜಿಲ್ಲೆಯಲ್ಲಿ ನಾಯಕ ಬೇರೆ, ನಾಯ್ಕ ಬೇರೆ. ಒಂದು ಅಕ್ಷರ ಅತ್ತಿತ್ತ ಆದರೆ ಮನುಷ್ಯನ ಸಮುದಾಯವೇ ಬದಲಾಗುತ್ತದೆ, ಓದಿದವರಿಗೆ ನೋವಾಗುತ್ತದೆ. ಹೆಗಡೆ, ಹೆಗ್ಡೆ, ಭಟ್ಟ, ಭಟ್, ಹರಿಕಂತ್ರ, ಹರಿಕಾಂತ ಇವುಗಳಿಗೂ ಏಕರೂಪತೆಯ ನಿಯಮ ಅನ್ವಯಿಸುವುದಿಲ್ಲ. ಅಡ್ಡಹೆಸರನ್ನು ಅವರವರು ಬರೆಯುವಂತೆಯೇ ಬರೆಯಬೇಕು. ಸಂದರ್ಶನದ ಒಪ್ಪಿಗೆ ಪತ್ರದಲ್ಲಿ ಅವರು ಮಾಡಿದ ಸಹಿಯೇ ಪ್ರಮಾಣ. ಹೆಬ್ಬೆಟ್ಟು ಒತ್ತಿದವರ ಹೆಸರಿಗೆ, ಸಂದರ್ಶನ ಮಾಡಿದವರು ಫೋನ್ ಮಾಡಿ ಮನೆಯವರನ್ನು ಕೇಳಲಿ.

ಅದಕ್ಕೇ Ctrl+H ಒತ್ತಿ 'ಎಲ್ಲವನ್ನೂ ಬದಲಿಸು' ಕೊಡಬೇಡಿ. 'ಹೆಗ್ಡೆ'ಯನ್ನು 'ಹೆಗಡೆ' ಮಾಡಹೊರಟರೆ ಒಬ್ಬೊಬ್ಬರ ಹೆಸರೂ ಕೆಡುತ್ತದೆ. 'ಹೆಗಡೆ'ಯನ್ನು 'ಹೆಗ್ಡೆ' ಮಾಡಹೊರಟರೆ ಕುಮಟಾದ ಹತ್ತಿರದ ಹೆಗಡೆ ಎಂಬ ಊರಿನ ಹೆಸರೂ ಕೆಡುತ್ತದೆ. ಒಂದೊಂದನ್ನೂ ಕಣ್ಣಿಂದ ನೋಡಿ ಬದಲಿಸಿ.

▢ ಒಬ್ಬರೇ ವ್ಯಕ್ತಿಗೆ ಎಲ್ಲ ಕಡೆ ಒಂದೇ ಇನಿಷಿಯಲ್ ಇದೆಯೇ? ಹೆಸರಿನ ಮೊದಲೋ ಕೊನೆಯೋ?

▢ ಗೌರವದ ಬಳಕೆ ಸಮನಾಗಿದೆಯೇ? ಅಧಿಕಾರಿ 'ಹೇಳಿದರು', ಬಳಚು ಹೆಕ್ಕುವ ಹೆಂಗಸು 'ಹೇಳಿದಳು' ಎಂದು ಎರಡು ಕಡೆ ಬಂದಿದೆ. ಎಲ್ಲರಿಗೂ ಬಹುವಚನ. ಇದನ್ನು ಕೇಳುವ ಅಗತ್ಯವಿಲ್ಲ, ಕೆಂಪಿನಲ್ಲಿ ತಿದ್ದಿ.

▢ ಹೆಸರು ಬೇಡ ಎಂದವರ ಹೆಸರು ಚಿತ್ರದ ಅಡಿಬರಹದಲ್ಲೋ ಕೃತಜ್ಞತೆಯಲ್ಲೋ ಉಳಿದಿದೆಯೇ?

ತಾರೀಖು

ವರದಿಯಲ್ಲಿ ವರ್ಷ, ತಿಂಗಳು, ದಿನ ಈ ಕ್ರಮ: 2024 ಜನವರಿ 31. ಕೋಷ್ಟಕದೊಳಗೆ ಜಾಗ ಇಲ್ಲದಿದ್ದರೆ ಮಾತ್ರ 31-01-2024.

ಎಕ್ಸೆಲ್‌ನಿಂದ ಬಂದ 5/6/2023ರಂಥವು ಅಪಾಯದವು. ಜೂನ್ 5ಆಗಿರಬಹುದು, ಮೇ 6ಆಗಿರಬಹುದು. ಮೀನುಗಾರಿಕೆ ಅಧ್ಯಾಯದಲ್ಲಿ ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ: ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ ದಿನ ಟ್ರಾಲರ್ ಮೀನು ತಂದಿತು ಎಂದಿದ್ದರೆ ತಾರೀಖು ಮೇ ತಿಂಗಳಿನದೇ ಇರಬೇಕು. ಹಾಗೆಂದು ನೀವೇ ಬದಲಿಸಬೇಡಿ, ಕ್ಷೇತ್ರಕಾರ್ಯದ ಪುಸ್ತಕ ತೆರೆಸಿ. ನಿಷೇಧದ ಅವಧಿ ಒಂದು ಕಡೆ '60 ದಿನ', ಇನ್ನೊಂದು ಕಡೆ '61 ದಿನ' ಎಂದಿದೆ. ಜೂನ್‌ನ 30 ದಿನ, ಜುಲೈನ 31 ದಿನ ಕೂಡಿದರೆ 61.

▢ ವಾರ ಬರೆದಿದ್ದರೆ ಕ್ಯಾಲೆಂಡರ್ ನೋಡಿ. ಅಂಕೋಲಾ ಶಿರೂರಿನ ಗುಡ್ಡ ಕುಸಿದದ್ದು 2024 ಜುಲೈ 16, ಮಂಗಳವಾರ.

▢ '2023-24' ಆರ್ಥಿಕ ವರ್ಷವೋ ಬೆಳೆ ವರ್ಷವೋ? ಗಜನಿಯಲ್ಲಿ ಮಳೆಗಾಲದಲ್ಲಿ ಕಗ್ಗ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ. ಎರಡನ್ನೂ ಒಂದೇ ವರ್ಷದ ಆದಾಯವಾಗಿ ಕೂಡಿಸಿದ್ದರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಹೇಳಲೇಬೇಕು.

▢ ಮಳೆಯ ಅಂಕಿ ಹವಾಮಾನ ಇಲಾಖೆಯದಾದರೆ ದಿನದ ಲೆಕ್ಕ ಮುಗಿಯುವುದು ಬೆಳಿಗ್ಗೆ 8.30ಕ್ಕೆ. 'ಆ ರಾತ್ರಿ ಸುರಿದ ಮಳೆ' ಮರುದಿನದ ತಾರೀಖಿನಲ್ಲಿ ಇರುತ್ತದೆ. ಪಠ್ಯ ಮತ್ತು ಕೋಷ್ಟಕ ಒಂದು ದಿನ ಹಿಂದುಮುಂದಾಗಿ ಕಂಡರೆ ಕಾರಣ ಇದೇ ಇರಬಹುದು.

▢ 'ಕಳೆದ ವರ್ಷ', 'ಇತ್ತೀಚೆಗೆ', 'ಈಗಿನ' ಇವುಗಳ ಜಾಗದಲ್ಲಿ ವರ್ಷ ಹಾಕಿಸಿ.

ಸಂಖ್ಯೆ, ಅಳತೆ

ಹೆಚ್ಚು ಹೊತ್ತು ಇಲ್ಲಿಗೆ ಕೊಡಿ, ಅದರಲ್ಲೂ ಗಜನಿ ಹಿಡುವಳಿಯ ಕೋಷ್ಟಕಗಳಿಗೆ.

ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ ಎಂದು ಇರುತ್ತದೆ, ನಡುವೆ ಚುಕ್ಕೆ. ಅಲ್ಲಿ 2.20 ಎಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದರೆ ಅದು ಎರಡೂವರೆ ಎಕರೆ. ಅದನ್ನೇ ಎಕ್ಸೆಲ್‌ಗೆ 2.20 ಎಂದು ಹಾಕಿದರೆ ಯಂತ್ರ ಅದನ್ನು ದಶಮಾಂಶ ಎಂದು ಓದುತ್ತದೆ, ಕೊನೆಯ ಸೊನ್ನೆಯನ್ನೂ ನುಂಗಿ 2.2 ಎಂದು ತೋರಿಸುತ್ತದೆ. ಮುಂದೆ ಓದಿದವರು 2 ಎಕರೆ 2 ಗುಂಟೆ ಎಂದುಕೊಳ್ಳುತ್ತಾರೆ. 1.30 ಮತ್ತು 2.20ರ ಹಿಡುವಳಿ ಕೂಡಿದರೆ ಯಂತ್ರದ ಉತ್ತರ 3.5, ನಿಜವಾದ ಉತ್ತರ 4 ಎಕರೆ 10 ಗುಂಟೆ. ರೈತರ ಭೂಮಿ ಕಾಗದದ ಮೇಲೆ ಹೀಗೇ ಸಣ್ಣದಾಗುತ್ತದೆ, ಪರಿಹಾರದ ಮಾತು ಬಂದಾಗ ಇದೇ ವರದಿಯನ್ನು ಮುಂದೆ ಹಿಡಿಯುವವರಿದ್ದಾರೆ.

ಹಾಗಾಗಿ ನಾಲ್ಕನೇ ಅಧ್ಯಾಯದ ಪ್ರತಿ ಕೋಷ್ಟಕದಲ್ಲೂ ಚುಕ್ಕೆಯ ನಂತರದ ಅಂಕಿಗಳನ್ನು ನೋಡಿ. ಸಾಲುಗಳಲ್ಲಿ ಒಂದೂ 39 ದಾಟದೆ, ಮೊತ್ತದಲ್ಲಿ ಮಾತ್ರ 50, 75 ಎಂದು ಬಂದಿದ್ದರೆ ಗುಂಟೆಯನ್ನು ದಶಮಾಂಶ ಮಾಡಿ ಕೂಡಿದ್ದಾರೆ ಎಂದೇ ಅರ್ಥ. ಕೋಷ್ಟಕ ಪೂರ್ತಿ ವಾಪಸು ಕಳಿಸಿ. ಅಚ್ಚಿನಲ್ಲಿ '2 ಎಕರೆ 20 ಗುಂಟೆ' ಎಂದು ಬಿಡಿಸಿ ಬರೆಯೋಣ.

▢ ಹೆಕ್ಟೇರ್, ಎಕರೆ ಬೆರೆತಿದ್ದರೆ 1 ಹೆಕ್ಟೇರ್‌ಗೆ 2.471 ಎಕರೆಯಂತೆ ಪರೀಕ್ಷಿಸಿ. ಅಳಿವೆಯ ರಾಮ್ಸಾರ್ ಪ್ರದೇಶ 4,801 ಹೆಕ್ಟೇರ್, ಅಂದರೆ 48.01 ಚದರ ಕಿಲೋಮೀಟರ್. ಅನುಬಂಧದಲ್ಲಿ 480.1 ಎಂದಿದೆ. ಪಟ್ಟಿಗೆ ಸೇರಿದ್ದನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2024 ಜನವರಿ 31ರಂದು; 'ಪ್ರಕಟಿಸಿತು' ಎಂಬ ಕ್ರಿಯಾಪದವನ್ನೇ ಉಳಿಸಿ.

▢ ಅಲ್ಪವಿರಾಮ ನಮ್ಮ ಪದ್ಧತಿಯಲ್ಲಿ: 14,37,169. ಮಿಲಿಯನ್ ಬೇಡ, ಲಕ್ಷ, ಕೋಟಿ ಬಳಸಿ.

▢ ಪ್ರತಿ ಕೋಷ್ಟಕವನ್ನೂ ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿ. ಜಿಲ್ಲೆಯ 2011ರ ಜನಸಂಖ್ಯೆ: ಗಂಡಸರು 7,26,256, ಹೆಂಗಸರು 7,10,913, ಒಟ್ಟು ಮೇಲಿನ ಸಂಖ್ಯೆಗೆ ಸರಿಹೊಂದುತ್ತದೆ. ಹೀಗೆ ಹೊಂದದ ಕೋಷ್ಟಕಕ್ಕೆ ಹಸಿರು ಸುತ್ತು.

▢ ಶೇ 40ರಿಂದ ಶೇ 50ಕ್ಕೆ ಏರಿದ್ದನ್ನು 'ಶೇ 10ರಷ್ಟು ಹೆಚ್ಚಳ' ಎನ್ನಬಾರದು. ಅದು ಶೇ 25ರಷ್ಟು ಹೆಚ್ಚಳ. 'ಶೇ 40ರಿಂದ ಶೇ 50ಕ್ಕೆ ಏರಿತು' ಎಂದು ಬಿಟ್ಟರೆ ಗೊಂದಲವೇ ಇಲ್ಲ.

▢ ಬಳಚನ್ನು ಬುಟ್ಟಿಯಲ್ಲಿ ಅಳೆದ ಕಡೆ ಬುಟ್ಟಿಗೆ ಎಷ್ಟು ಕಿಲೋ ಎಂದು ಒಮ್ಮೆಯಾದರೂ ಹೇಳಿದೆಯೇ? ಎಲ್ಲ ಊರಿಗೂ ಅದೇ ತೂಕವೇ?

▢ ಮುನ್ನುಡಿ, ಸಾರಾಂಶ, ಹಿಂಬದಿಯ ರಕ್ಷಾಪುಟ. ಒಳಗೆ ತಿದ್ದಿದ ಸಂಖ್ಯೆ ಇಲ್ಲಿ ಹಳೆಯದೇ ಉಳಿಯುವುದು ಮಾಮೂಲು.

ಕಾಗುಣಿತ

ತಾಲ್ಲೂಕು, ಸರ್ಕಾರ, ಕಿಲೋಮೀಟರ್, ಕ್ವಿಂಟಲ್, ಗಜನಿ, ಸಿಗಡಿ: ಈ ರೂಪಗಳೇ ಇರಲಿ. ತಾಲೂಕು, ಸರಕಾರ, ಗಜ್ನಿ, ಸೀಗಡಿ ಕಂಡಲ್ಲಿ ಬದಲಿಸಿ. 'ಅಳಿವೆ'ಗೆ ಒಂದು ಅಧ್ಯಾಯದಲ್ಲಿ 'ನದೀಮುಖ' ಬಂದಿದೆ, ಅಲ್ಲೂ ಅಳಿವೆಯೇ ಆಗಲಿ.

ಕಣ್ಣಿಗೆ ಕಾಣದ ಎರಡು ತಪ್ಪುಗಳಿವೆ. ಸೊನ್ನೆಯ (ಅನುಸ್ವಾರದ) ಬದಲು ಕನ್ನಡ ಅಂಕಿ ೦ ಟೈಪ್ ಮಾಡಿರುವುದು, ಅರ್ಕಾವತ್ತಿನ ಬದಲು ಅಂಕಿ ೯ ಹಾಕಿರುವುದು. 'ಬ೦ದರು', 'ವಷ೯' ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತವೆ, ಆದರೆ 'ಬಂದರು' ಎಂದು ಹುಡುಕಿದರೆ ಸಿಗುವುದಿಲ್ಲ. ಅಂದಮೇಲೆ ಮೇಲಿನ ಎಲ್ಲ ಹುಡುಕಾಟವೂ ಅರೆಬರೆ. ಆದ್ದರಿಂದ ಎಲ್ಲಕ್ಕಿಂತ ಮೊದಲು Ctrl+F ಒತ್ತಿ ೦, ೯ ಎರಡನ್ನೂ ಹುಡುಕಿ. ನಾವು ಅಂಕಿಗಳನ್ನು 0ರಿಂದ 9ರ ರೂಪದಲ್ಲೇ ಬಳಸುವುದರಿಂದ ಇವು ಎಲ್ಲಿ ಕಂಡರೂ ತಪ್ಪೇ. ನುಡಿಯಿಂದ ಯೂನಿಕೋಡ್‌ಗೆ ಬದಲಿಸಿದ ಎರಡನೇ ಅಧ್ಯಾಯದಲ್ಲಿ ಒತ್ತಕ್ಷರಗಳನ್ನು ಪರದೆಯಲ್ಲಿ ಓದಬೇಡಿ, ಪ್ರಿಂಟ್ ತೆಗೆದು ಓದಿ.

ವಾಪಸು ಕೊಡುವಾಗ

ಹಸಿರು ಸುತ್ತುಗಳನ್ನೆಲ್ಲ ಪುಟಸಂಖ್ಯೆಯೊಂದಿಗೆ ಬೇರೆ ಹಾಳೆಗೆ ಇಳಿಸಿ, ಯಾರನ್ನು ಕೇಳಿದಿರಿ, ಏನು ಉತ್ತರ ಬಂತು ಎಂದು ಬರೆಯಿರಿ. ಉತ್ತರ ಬರದ ಸಂಖ್ಯೆ ಇದ್ದರೆ ಆ ವಾಕ್ಯವನ್ನು ತೆಗೆಯುವುದೋ ಇಡುವುದೋ ನಾನು ಲೇಖಕರೊಂದಿಗೆ ಮಾತಾಡಿ ತೀರ್ಮಾನಿಸುತ್ತೇನೆ. ತಿದ್ದುಪಡಿ ಹಾಕಿದ ಮೇಲೆ ಪುಟಗಳು ಸರಿದಿರುತ್ತವೆ. ಪರಿವಿಡಿ, 'ಕೋಷ್ಟಕ 4.3 ನೋಡಿ' ಎಂಬಂಥ ಸೂಚನೆಗಳು, ನಕ್ಷೆಯ ಸಂಖ್ಯೆಗಳು ಇವಿಷ್ಟನ್ನು ಹೊಸ ಪ್ರಿಂಟ್‌ನಲ್ಲಿ ಮತ್ತೊಮ್ಮೆ ನೋಡಿ, ನಂತರವೇ ಶಿರಸಿಯ ಮುದ್ರಣಾಲಯಕ್ಕೆ ಫೈಲ್ ಕಳಿಸೋಣ.